‘ಸುಳ್ಳು’ ಅನ್ನೋ ಮಾತು ಮುಂದಿನ ಬ್ಲಾಕ್‌ಗೆ ಜಾರಿದರೆ

ನಮ್ಮೂರಿನ ವಿಡಿಯೋಗಳನ್ನು ಈಗ ಬಹಳ ಜನ ಸೌಂಡ್ ಇಲ್ಲದೆ ನೋಡುತ್ತಾರೆ. ಬಸ್ಸಿನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಕೂತವರಿಗೆ ಕೆಳಗೆ ಓಡುವ ಅಕ್ಷರವೇ ಮಾತು. ಆ ಅಕ್ಷರವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಸಾಫ್ಟ್‌ವೇರ್‌ಗೆ ಬಿಡಬಾರದು, ಮಾತು ಕೇಳಿಸಿಕೊಂಡವರೇ ತೀರ್ಮಾನಿಸಬೇಕು ಅನ್ನುವುದು ನಮ್ಮ ವಾದ.

ಕಾರಣ ಕನ್ನಡದ ವಾಕ್ಯದಲ್ಲೇ ಇದೆ. ನಮ್ಮಲ್ಲಿ ಇಲ್ಲ, ಅಲ್ಲ, ಬೇಡ, ಸುಳ್ಳು ಎಲ್ಲವೂ ಕೊನೆಗೆ ಬರುತ್ತವೆ. ಒಂದು ಉದಾಹರಣೆ ಮಾಡಿಕೊಳ್ಳೋಣ. ಊರಿನ ನೀರುಗಂಟಿ ಕ್ಯಾಮೆರಾ ಮುಂದೆ ಹೇಳಿದ್ದನ್ನು ಕೇಳಿ ಬರೆದುಕೊಂಡಿದ್ದೇವೆ: “ನೂರು ರೂಪಾಯಿ ಕೊಟ್ಟೋರಿಗೆ ನೀರು ಬಿಡ್ತೀನಿ ಅಂತ ಯಾರೋ ಹೇಳವ್ರೆ ಅದು ಸುಳ್ಳು ಮೋಟರ್ ಸುಟ್ಟು ಎಂಟು ದಿನ ಆಯ್ತು.” ಮೂರು ಸೆಕೆಂಡಿಗೊಂದು ಬ್ಲಾಕ್ ಎಂದು ಕಣ್ಣುಮುಚ್ಚಿ ಕತ್ತರಿಸಿದರೆ ಹೀಗಾಗುತ್ತದೆ:

```
7
00:00:21,000 --> 00:00:24,000
ನೂರು ರೂಪಾಯಿ ಕೊಟ್ಟೋರಿಗೆ
ನೀರು ಬಿಡ್ತೀನಿ

8
00:00:24,000 --> 00:00:27,000
ಅಂತ ಯಾರೋ ಹೇಳವ್ರೆ ಅದು
ಸುಳ್ಳು ಮೋಟರ್ ಸುಟ್ಟು
```

ಏಳನೇ ಬ್ಲಾಕ್ ನೋಡಿ. ಆ ಮನುಷ್ಯ ಲಂಚ ಒಪ್ಪಿಕೊಂಡಂತಿದೆ. ಅಷ್ಟನ್ನೇ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಅವನ ಕೆಲಸಕ್ಕೇ ಕುತ್ತು. ಎಂಟನೇ ಬ್ಲಾಕ್‌ನಲ್ಲಿ ‘ಸುಳ್ಳು’ ಮೋಟರಿಗೆ ಅಂಟಿಕೊಂಡಿದೆ. ಒಂದಕ್ಷರವೂ ಬದಲಾಗಿಲ್ಲ, ಆದರೂ ಮಾತು ಕೆಟ್ಟಿದೆ.

ಸರಿಯಾಗಿ ಮಾಡಲು ಮೊದಲು ಟೈಮ್‌ಕೋಡ್ ಮುಟ್ಟಬೇಡಿ. ಬರೆದುಕೊಂಡ ಮಾತನ್ನು ಗಟ್ಟಿಯಾಗಿ ಓದಿ, ಅರ್ಥ ಮುಗಿಯುವಲ್ಲಿ ಗೆರೆ ಹಾಕಿ. ಇಲ್ಲಿ ಗೆರೆ ಬೀಳುವುದು ‘ಸುಳ್ಳು’ ಆದ ಮೇಲೆ. ಬಳಿಕ ಆಡಿಯೋ ಹಾಕಿ, ಮೊದಲ ಪದ ಕೇಳಿಸಿದ ಗಳಿಗೆ ಮತ್ತು ಕೊನೆಯ ಪದ ಮುಗಿದ ಗಳಿಗೆ ಬರೆದುಕೊಳ್ಳಿ:

```
7
00:00:21,200 --> 00:00:26,300
ನೂರು ರೂಪಾಯಿ ಕೊಟ್ಟೋರಿಗೆ ನೀರು ಬಿಡ್ತೀನಿ
ಅಂತ ಯಾರೋ ಹೇಳವ್ರೆ, ಅದು ಸುಳ್ಳು.

8
00:00:26,400 --> 00:00:29,000
ಮೋಟರ್ ಸುಟ್ಟು ಎಂಟು ದಿನ ಆಯ್ತು.
```

ಬ್ಲಾಕ್ ಐದು ಸೆಕೆಂಡ್ ನಿಂತರೆ ತಪ್ಪೇನಿಲ್ಲ, ಏಳರವರೆಗೂ ನಡೆಯುತ್ತದೆ. ಅದಕ್ಕಿಂತ ಉದ್ದದ ಮಾತಾದರೆ ಒಡೆಯಲೇಬೇಕು. ಆಗ ಬೇರೆಯವರ ಮಾತನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಕೊನೆಗೆ ಮೂರು ಚುಕ್ಕಿ ಹಾಕಿ. ಮಾತು ಮುಗಿದಿಲ್ಲ ಎಂದು ಓದುವವರಿಗೆ ತಿಳಿಯುತ್ತದೆ.

ಇನ್ನು ಸಾಲಿನ ಉದ್ದ. ಇಂಗ್ಲಿಷ್ ಸಬ್‌ಟೈಟಲ್‌ಗೆ ನೆಟ್‌ಫ್ಲಿಕ್ಸ್ ಇಟ್ಟುಕೊಂಡ ಮಿತಿ ಸಾಲಿಗೆ 42 ಅಕ್ಷರ. ಅದನ್ನೇ ಲೆಕ್ಕ ಹಿಡಿದು ಕನ್ನಡಕ್ಕೆ ಕೂತರೆ ಎಡವುತ್ತೇವೆ. ಮೇಲಿನ ಏಳನೇ ಬ್ಲಾಕ್‌ನ ಮೊದಲ ಸಾಲಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು 14 ಅಕ್ಷರ, 4 ಖಾಲಿ ಜಾಗ, ಒಟ್ಟು 18. ಕಂಪ್ಯೂಟರ್ ಎಣಿಸಿದರೆ 36. ಏಕೆಂದರೆ ಅದಕ್ಕೆ ಗುಣಿತದ ಗುರುತು ಬೇರೆ, ಒತ್ತಕ್ಷರ ಬೇರೆ. ‘ಟ್ಟೋ’ ಒಂದನ್ನೇ ನಾಲ್ಕು ಎಂದು ಎಣಿಸುತ್ತದೆ. ಹಾಗಾಗಿ ‘ಸಾಲು ಉದ್ದವಾಯಿತು’ ಎಂದು ಸಾಫ್ಟ್‌ವೇರ್ ಕೆಂಪು ತೋರಿಸಿದ ತಕ್ಷಣ ಒಡೆಯಬೇಡಿ. ಫೋನನ್ನು ನೆಟ್ಟಗೆ ಹಿಡಿದು ನೋಡಿ. ಎರಡೇ ಸಾಲಿನಲ್ಲಿ ನಿಂತರೆ ಸರಿ, ತಾನಾಗಿ ಮೂರನೇ ಸಾಲಿಗೆ ಮುರಿದರೆ ಮಾತ್ರ ಉದ್ದ.

ಫೈಲ್ ತೆರೆಯದಿದ್ದರೆ ಹುಡುಕಬೇಕಾದ ತಪ್ಪು ಕೆಲವೇ. ಸೆಕೆಂಡ್ ಆದ ಮೇಲೆ ಚುಕ್ಕಿಯಲ್ಲ, ಅಲ್ಪವಿರಾಮ ಇರಬೇಕು. ಟೈಮ್‌ಕೋಡ್‌ನಲ್ಲಿ ಕನ್ನಡ ಅಂಕಿ ಇರಬಾರದು. ಎರಡು ಬ್ಲಾಕ್ ನಡುವೆ ಒಂದು ಖಾಲಿ ಸಾಲು ಬೇಕು. ಟೈಮ್ ಸರಿಯಿದ್ದು ಕನ್ನಡದ ಬದಲು `PÀ£ÀßqÀ` ಥರದ ಅಕ್ಷರ ಬಂದರೆ, ಬರೆದದ್ದು ನುಡಿಯ ಹಳೆಯ ಫಾಂಟ್‌ನಲ್ಲಿ. ಅದನ್ನು ಯೂನಿಕೋಡ್‌ಗೆ ಬದಲಿಸಿ, ಫೈಲನ್ನು `UTF-8` ಎಂದು ಸೇವ್ ಮಾಡಿ.

ಇಷ್ಟೆಲ್ಲಕ್ಕೆ ಹೊತ್ತು ಹಿಡಿಯುತ್ತದೆ, ಸುದ್ದಿ ತಡವಾಗುತ್ತದೆ ಎನ್ನುವವರಿದ್ದಾರೆ. ತಡವಾದ ವಿಡಿಯೋವನ್ನು ನಾಳೆ ನೋಡಬಹುದು. ಬಾಯಿಂದ ಬಾರದ ಮಾತು ಅವರ ಹೆಸರಿನಲ್ಲಿ ಹರಿದಾಡಿದರೆ ಅದನ್ನು ವಾಪಸ್ ತರುವುದು ಹೇಗೆ? ಅಪ್‌ಲೋಡ್ ಮಾಡುವ ಮುಂಚೆ ಸೌಂಡ್ ಆಫ್ ಮಾಡಿ, ಪ್ರತಿ ಬ್ಲಾಕ್‌ಗೂ ನಿಲ್ಲಿಸಿ ನೋಡಿ. ಅದೊಂದನ್ನೇ ಕತ್ತರಿಸಿ ಊರಿಗೆಲ್ಲ ಹಂಚಿದರೂ, ಮಾತಾಡಿದವರು ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತಿದ್ದರೆ ಮಾತ್ರ ಮುಂದಿನ ಬ್ಲಾಕ್‌ಗೆ ಹೋಗಿ.