ತಂಗಿಯ ಹಾಸ್ಟೆಲ್ ಚೀಲ

(ಚಿಕ್ಕಪ್ಪನ ಮಗಳು ಧಾರವಾಡದಿಂದ ಮಾಟುಂಗಾದ ಹಾಸ್ಟೆಲ್‌ಗೆ ಬರುತ್ತಿದ್ದಾಳೆ. ಈ ಸಲದ ಅಂಕಣ ಅವಳಿಗೆ ಬರೆದ ಪತ್ರ.)

ಪ್ರೀತಿಯ ಪುಟ್ಟಿ,

ಮುಖಕ್ಕೆ ಏನೇನು ತರಲಿ ಅಕ್ಕಾ ಎಂದು ಕೇಳಿದ್ದೀಯ. ನೀನು ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ಬಾಟಲಿಗಳಿವೆ. ಹಾಸ್ಟೆಲ್‌ನಲ್ಲಿ ನಿನಗೆ ಸಿಗುವುದು ಅರ್ಧ ಕಪಾಟು. ಮೂರು ಸಾಕು: ಸೌಮ್ಯವಾದ ಒಂದು ಫೇಸ್‌ವಾಶ್, ಜೆಲ್‌ನಂಥ ಹಗುರ ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್.

ಧಾರವಾಡದ ಚಳಿಗಾಲಕ್ಕೆ ನೀನು ಹಚ್ಚುವ ದಪ್ಪ ಕ್ರೀಮು ಇಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯೇ ಒದ್ದೆ. ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿಕೊಂಡು ಲೋಕಲ್ ಹತ್ತಿದರೆ ಅದು ಬೆವರಿನ ಜೊತೆ ಹಣೆಗಿಳಿದು ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಎಣ್ಣೆ ಬಿಡು ಎನ್ನುತ್ತಿಲ್ಲ, ಚಿಕ್ಕಮ್ಮ ನನ್ನನ್ನು ಬಿಡುವುದಿಲ್ಲ. ತಲೆ ತೊಳೆಯುವ ಮುಂಚೆ ಒಂದು ಗಂಟೆ ಹಚ್ಚಿಕೋ, ಸಾಕು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದು ಇರಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ದಿನಕ್ಕೊಮ್ಮೆ ಹೀಗೆ ಹಚ್ಚಿದರೂ 50 ಗ್ರಾಂ ಟ್ಯೂಬು ಎರಡು ತಿಂಗಳು ದಾಟುವುದು ಕಷ್ಟ. ನಿನ್ನದು ಆರು ತಿಂಗಳು ಬಂದರೆ ನೀನು ಹಚ್ಚುತ್ತಿರುವುದು ಸಾಲದು ಎಂದರ್ಥ.

ಇವಕ್ಕಿಂತ ಮುಖ್ಯವಾಗಿ ಎರಡು ತೆಳು ಟವಲ್ ತಾ. ದಪ್ಪ ಟರ್ಕಿ ಟವಲ್ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಒದ್ದೆ ಬಟ್ಟೆ, ಹಂಚಿಕೊಂಡ ಟವಲ್ಲು ಇದ್ದಲ್ಲಿ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ದಾಟುತ್ತದೆ.

ಇನ್ನು ಈ ಪತ್ರಕ್ಕೆ ನಿಜವಾದ ಕಾರಣ. ಹಾಸ್ಟೆಲ್‌ನಲ್ಲಿ ಯಾರೋ ಒಬ್ಬಳು ಒಂದು ಟ್ಯೂಬು ಕೊಡುತ್ತಾಳೆ. ನನಗೂ ಕೊಟ್ಟಿದ್ದರು, ಅಂಧೇರಿಯ ಪಿಜಿಯಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ. ಮೂರೇ ದಿನಕ್ಕೆ ಮೊಡವೆ ಮಾಯ, ಒಂದು ವಾರಕ್ಕೆ ಮುಖ ಬೆಳ್ಳಗೆ. ಎರಡು ತಿಂಗಳ ಮೇಲೆ ಕೆನ್ನೆ ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯತೊಡಗಿತು. ಹಚ್ಚುವುದು ಬಿಟ್ಟೆ, ಮೊಡವೆ ಮೊದಲಿಗಿಂತ ಜಾಸ್ತಿ ಬಂತು. ಮತ್ತೆ ಹಚ್ಚಿದೆ, ಇಳಿಯಿತು. ಬಲೆ ಇರುವುದೇ ಅಲ್ಲಿ. ಹೊರಬರಲು ಚರ್ಮದ ಡಾಕ್ಟರು ಮತ್ತು ಸುಮಾರು ಒಂದು ವರ್ಷ ಬೇಕಾಯಿತು.

ಅದು ಸ್ಟೀರಾಯ್ಡ್ ಕ್ರೀಮು. ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮುಖ ಬಿಳಿಚಿ ಕಾಣುತ್ತದೆ, ಉರಿಯೂತ ಅಡಗುವುದರಿಂದ ಮೊಡವೆ ಹೋದಂತಿರುತ್ತದೆ. ಒಳಗೆ ಚರ್ಮ ತೆಳ್ಳಗಾಗುತ್ತಿರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಇನ್ನೂ ಮೋಸ: ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. 2018ರಿಂದ ಇಂಥ ಹಲವು ಕ್ರೀಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ. ಆದರೂ ಚೀಟಿ ಕೇಳದ ಅಂಗಡಿಗಳಿವೆ. ಆದ್ದರಿಂದ ಟ್ಯೂಬಿನ ಹಿಂಭಾಗದ ಸಣ್ಣ ಅಕ್ಷರ ಓದು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಇವುಗಳಲ್ಲಿ ಯಾವುದೇ ಒಂದು ಕಂಡರೂ ಡಾಕ್ಟರು ಹೇಳದೆ ಮುಟ್ಟಬೇಡ.

ಓದಲು ಏನೂ ಇಲ್ಲದ ಡಬ್ಬಿ ಇನ್ನೂ ಅಪಾಯ. ಅಕೋಲಾದ ಒಂದೇ ಮನೆಯ ಮೂವರು ಹೆಂಗಸರಿಗೆ, ತಾಯಿಗೂ ಇಬ್ಬರು ಹೆಣ್ಣುಮಕ್ಕಳಿಗೂ, 2022ರಲ್ಲಿ ಕಿಡ್ನಿ ಕಾಯಿಲೆ ಕಾಣಿಸಿತು. ಮೂವರಿಗೂ ಒಟ್ಟಿಗೆ ಹೇಗೆ? ನಮ್ಮ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಹುಡುಕುತ್ತಾ ಹೋದಾಗ ಮೂವರೂ ಹಚ್ಚುತ್ತಿದ್ದ, ಊರಿನ ಬ್ಯೂಟಿಷಿಯನ್ ಕೊಟ್ಟ ಬೆಳ್ಳಗಾಗುವ ಕ್ರೀಮಿನ ಮೇಲೆ ಅನುಮಾನ ಬಂತು. ಪರೀಕ್ಷಿಸಿದರೆ ಅದರಲ್ಲಿ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ಪಾದರಸ ತಡೆಯುತ್ತದೆ, ಅದಕ್ಕೇ ಮುಖ ಬೆಳ್ಳಗಾಗುವುದು. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ಕಾಲು ಊದುವುದು, ಮೂತ್ರ ನೊರೆನೊರೆಯಾಗುವುದು ಅದರ ಸೂಚನೆ. ಆಗ ಕ್ರೀಮು ನಿಲ್ಲಿಸಿದರೆ ಸಾಲದು, ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಬೇಕು. ತಯಾರಕರ ವಿಳಾಸ, ಬ್ಯಾಚ್ ನಂಬರು, ಒಳಗೇನಿದೆ ಎಂಬ ಪಟ್ಟಿ, ಇವಿಲ್ಲದ ಡಬ್ಬಿ ಎಷ್ಟೇ ಚೆಂದ ಕಂಡರೂ ಬೇಡ.

ಮದುವೆಮನೆಗಳಲ್ಲಿ ಅತ್ತೆಯಂದಿರು ನಿನ್ನ ಬಣ್ಣದ ಬಗ್ಗೆ ಆಡಿದ್ದು ನನಗೆ ಗೊತ್ತು. ನನಗೂ ಆಡಿದ್ದರು. ಪಿಜಿಯಲ್ಲಿ ಆ ಟ್ಯೂಬಿಗೆ ನಾನು ಕೈಚಾಚಿದ್ದು ಮೊಡವೆಗಲ್ಲ.

ಮೊಡವೆ ತೀರಾ ಕಾಡಿದರೆ ನಿನ್ನ ಹಾಸ್ಟೆಲ್‌ಗೆ ಸಾಯನ್ ಆಸ್ಪತ್ರೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ ಚರ್ಮದ ವಿಭಾಗಕ್ಕೆ ಕೇಸ್ ಪೇಪರ್ ಮಾಡಿಸು. ಉದ್ದ ಸಾಲಿರುತ್ತದೆ, ಪುಸ್ತಕ ಒಯ್ಯಿ. ಬೇಕಾದರೆ ನಾನು ರಜೆ ಹಾಕಿ ಬರುತ್ತೇನೆ.

ಭಾನುವಾರ ಡೊಂಬಿವಲಿಗೆ ಬಾ. ಒದ್ದೆ ಟವಲ್ಲುಗಳನ್ನೂ ತಾ, ನಮ್ಮ ಗ್ಯಾಲರಿಗೆ ಮಧ್ಯಾಹ್ನ ಒಂದಿಷ್ಟು ಬಿಸಿಲು ಬರುತ್ತದೆ.

ನಿನ್ನ,
ಅಕ್ಕ