ಗಾರೆ ಕೂಲಿಗೆ ಮೊಬೈಲ್ ಅಳತೆ ಬೇಡ

ಕಮಲಾಪುರದ ಕಡೆ ಪ್ಲಾಸ್ಟರ್ ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಕೊಡುವಾಗ ಟೇಪ್ ಬಿಟ್ಟು ಮೊಬೈಲ್ ಹಿಡಿದರೆ ನಾವು ಒಪ್ಪುವುದಿಲ್ಲ. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಅಂದರೆ 200 ಚದರಡಿ. ಆ್ಯಪ್ ನೂರಕ್ಕೆ ಐದರಷ್ಟು ಕಡಿಮೆ ತೋರಿಸಿತು ಅನ್ನಿ: 19 ಅಡಿ, 9.5 ಅಡಿ. ಗುಣಿಸಿದರೆ 180.5. ಐದರ ತಪ್ಪು ಹೆಚ್ಚುಕಡಿಮೆ ಹತ್ತಾಯಿತು. ಹತ್ತೊಂಬತ್ತೂವರೆ ಚದರಡಿಯ ಕೂಲಿ ಯಾರ ಜೇಬಿನಿಂದ?

ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ದೂರ ಅಳೆಯುವ ಸೆನ್ಸರೇ ಇರುವುದಿಲ್ಲ. ಫೋನ್ ಆಡಿಸಿದಾಗ ಗೋಡೆಯ ಕಲೆ, ಮೂಲೆಗಳು ಕ್ಯಾಮೆರಾದಲ್ಲಿ ಎಷ್ಟು ಸರಿದವು ಎಂದು ನೋಡಿ ಆ್ಯಪ್ ಅಂದಾಜು ಮಾಡುತ್ತದೆ. ಹೊಸ ಪ್ಲಾಸ್ಟರಿನ ಬೋಳು ಗೋಡೆಯಲ್ಲಿ ಅದಕ್ಕೆ ಹಿಡಿಯಲು ಕಲೆಯೇ ಸಿಗದು. ಐಫೋನ್ ಪ್ರೊಗಳಲ್ಲಿ ಲೈಡಾರ್ ಇದೆ, ನಿಜ. ಆದರೆ ಅದು ಸುಮಾರು 5 ಮೀಟರ್, ಅಂದರೆ 16 ಅಡಿ ತನಕ ಮಾತ್ರ.

ಅನುಮಾನವಿದ್ದರೆ ಗೋಡೆಯನ್ನು ಆ್ಯಪಿನಲ್ಲಿ ಮೂರು ಸಲ ಅಳೆಯಿರಿ. ಮೂರೂ ಬೇರೆ ಬಂದರೆ ಅಲ್ಲಿಗೆ ಮುಗಿಯಿತು. ಒಂದೇ ಬಂದರೂ ನಂಬಬೇಡಿ, ಮೂರು ಸಲವೂ ಒಂದೇ ತಪ್ಪು ಆಗಿರಬಹುದು. ಟೇಪಿನಿಂದ 10 ಅಡಿ ಗುರುತು ಹಾಕಿ, ಅದನ್ನೇ ಆ್ಯಪಿಗೆ ತೋರಿಸಿ ನೋಡಿ. ಮಂಚ ಒಳಗೆ ಹಿಡಿಸುತ್ತದೆಯೇ ಎಂಬ ಅಂದಾಜಿಗೆ ಆ್ಯಪ್ ಸಾಕು. ಕೂಲಿ ಲೆಕ್ಕದ ದಿನ ಟೇಪಿನ ಒಂದು ತುದಿ ಮೇಸ್ತ್ರಿ ಹಿಡಿಯಲಿ, ಇನ್ನೊಂದನ್ನು ಮನೆಯವರು ಹಿಡಿಯಲಿ.