ಒಂದು ಮೀಟರು ದಾರದಲ್ಲಿ ಚಿನ್ನದ ಗಣಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಾಧ್ಯಮಿಕ ಶಾಲೆಗಳಲ್ಲಿ ಇತಿಹಾಸದ ಕಾರ್ಯಕಾರಣ ಸಂಬಂಧವನ್ನು ಬೋಧಿಸಲು ಕೋಲಾರದ ಚಿನ್ನದ ಗಣಿಗಿಂತ ಹತ್ತಿರದ ಉದಾಹರಣೆ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಒಂದು ಮೀಟರು ದಾರವನ್ನು ಗೋಡೆಗೆ ಕಟ್ಟಿ, ವರ್ಷಕ್ಕೊಂದು ಸೆಂಟಿಮೀಟರಿನಂತೆ ಗುರುತು ಹಾಕಬೇಕು. ಮೊದಲ ತುದಿ 1802. ಆ ವರ್ಷ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನು ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದನು. ಆ ವರದಿಯ ಒಂದು ಪುಟವನ್ನು ಕನ್ನಡಿಸಿ ಮಕ್ಕಳಿಂದಲೇ ಓದಿಸಬೇಕು. ಮೈಕೆಲ್ ಲಾವೆಲ್ ಪರವಾನಗಿ ಕೇಳಿದ್ದು 1873ರಲ್ಲಿ, ಜಾನ್ ಟೇಲರ್ ಕಂಪೆನಿ ಬಂದದ್ದು 1880ರಲ್ಲಿ. ಕೊನೆಯ ತುದಿ 1902. ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದ ವರ್ಷ.

“ವರದಿ ಬಂತು, ಆದ್ದರಿಂದ ಗಣಿ ಬಂತು” ಎಂದು ಮಕ್ಕಳು ಒಡನೆಯೇ ಬರೆಯುವರು. ಆಗ ಉಪಾಧ್ಯಾಯರು 1802 ಮತ್ತು 1873ರ ನಡುವಣ 71 ಸೆಂಟಿಮೀಟರು ಬರಿದಾದ ದಾರವನ್ನು ಮುಟ್ಟಿ ತೋರಿಸಲಿ. ವರದಿಯೊಂದೇ ಕಾರಣವಾಗಿದ್ದರೆ ಇಷ್ಟು ಕಾಲ ಏಕೆ ಹಿಡಿಯಿತು? ಲಾವೆಲ್ ಅದನ್ನು ಓದಿದ್ದನು, ನಿಜ. ಆದುದರಿಂದ ಅದು ಕಾರಣಗಳಲ್ಲಿ ಒಂದು. ಆದರೆ ಆಳಕ್ಕಿಳಿಯಲು ಬಂಡವಾಳವೂ ಉಗಿಯಂತ್ರವೂ ಬೇಕಾಗಿದ್ದುವು. ಮೊದಲು ನಡೆದುದೆಲ್ಲವೂ ಕಾರಣವಲ್ಲ. ನಂತರದವನು ಮೊದಲಿನದನ್ನು ಬಲ್ಲನೆಂಬುದಕ್ಕೆ ಆಧಾರ ಸಿಕ್ಕಬೇಕು.

ವಿದ್ಯುತ್ತಿನ ವಿಷಯದಲ್ಲಿ ತಪ್ಪು ತಲೆಕೆಳಗಾಗುವುದುಂಟು: ವಿದ್ಯುತ್ತಿನಿಂದ ಗಣಿ ಹುಟ್ಟಿತೆಂದು ಹೇಳುವವರಿದ್ದಾರೆ. ದಾರದ ಮೇಲೆ ಗಣಿ 22 ಸೆಂಟಿಮೀಟರು ಹಿಂದಿದೆ. ಗಣಿಗೆ ಶಕ್ತಿ ಬೇಕಾದುದರಿಂದಲೇ ಅಷ್ಟು ದೂರದಿಂದ ತಂತಿ ಎಳೆದರು.